ಒಂದು ಬಿಟ್ ತಿರುಗಿದರೆ: ಹ್ಯಾಮಿಂಗ್ ಎನ್‌ಕೋಡರ್, ಡಿಕೋಡರ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಾರವೆಲ್ಲ ಮೆಮೊರಿ ಚಿಪ್ ಪರೀಕ್ಷೆಯ ಕೆಲಸ ಮಾಡುತ್ತೇನೆ. ಶನಿವಾರ ಬಂದರೆ ಬಸವನಗುಡಿಯ ನಮ್ಮ ಮನೆಗೆ ಅಕ್ಕಪಕ್ಕದ ಇಂಜಿನಿಯರಿಂಗ್ ಹುಡುಗರು ಬ್ರೆಡ್‌ಬೋರ್ಡ್ ಹಿಡಿದುಕೊಂಡು ಬರುತ್ತಾರೆ. ಪ್ರತಿ ವರ್ಷ ಒಂದಾದರೂ ಗುಂಪು ಹ್ಯಾಮಿಂಗ್ ಕೋಡ್ ಪ್ರಾಜೆಕ್ಟ್ ಎತ್ತಿಕೊಳ್ಳುತ್ತದೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿಯುತ್ತದೆ ಅಂತ ಕೂತೆ. ಇಲ್ಲಿ ಹೇಳುವುದೆಲ್ಲ ಎಂಟು ಬಿಟ್ ಡೇಟಾವನ್ನು ಎಸ್‌ರ್ಯಾಮ್‌ನಲ್ಲಿ ಇಟ್ಟು ಓದುವ ಸಣ್ಣ ಯಂತ್ರದ ಬಗ್ಗೆ.

ಒಂದು ಪ್ಯಾರಿಟಿ ಬಿಟ್ ಸಾಕಲ್ವಾ ಸಾರ್? ನಾಲ್ಕು ಯಾಕೆ?

ಒಂದು ಪ್ಯಾರಿಟಿ ಬಿಟ್ "ಎಲ್ಲೋ ತಪ್ಪಾಗಿದೆ" ಎಂದಷ್ಟೇ ಹೇಳುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ. ಎಲ್ಲಿ ಎಂದು ಗೊತ್ತಾಗದೆ ತಿದ್ದುವುದು ಹೇಗೆ? ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್‌ಗೆ ತಲೆಕೆಟ್ಟದ್ದೂ ಇದಕ್ಕೇ. ವಾರದ ಕೊನೆಗೆ ರಿಲೇ ಕಂಪ್ಯೂಟರಿಗೆ ಲೆಕ್ಕ ಹಾಕಿಟ್ಟು ಹೋಗುತ್ತಿದ್ದ. ಯಂತ್ರಕ್ಕೆ ತಪ್ಪು ಕಂಡರೆ ಆ ಕೆಲಸವನ್ನೇ ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ಎಂದು ತಿಳಿದು ತಾನೇ ತಿದ್ದಲು ಯಾಕಾಗಬಾರದು ಎಂದು ಯೋಚಿಸಿ, 1950ರಲ್ಲಿ ಆ ಪ್ರಬಂಧ ಬರೆದ.

ಲೆಕ್ಕ ಸುಲಭ. ಎಂಟು ಡೇಟಾ ಬಿಟ್‌ಗೆ ನಾಲ್ಕು ಪ್ಯಾರಿಟಿ ಬಿಟ್ ಸೇರಿಸಿದರೆ ಒಟ್ಟು 12 ಜಾಗ. ನಾವು ಹೇಳಬೇಕಾದ ಸುದ್ದಿ 13 ಬಗೆಯದು: 12 ಜಾಗಗಳಲ್ಲಿ ಯಾವುದು ಕೆಟ್ಟಿದೆ, ಅಥವಾ ಯಾವುದೂ ಕೆಟ್ಟಿಲ್ಲ. ನಾಲ್ಕು ಬಿಟ್‌ನಲ್ಲಿ 16 ಬಗೆ ಹೇಳಬಹುದು, ಹಾಗಾಗಿ ಸಾಕು. ಮೂರರಲ್ಲಿ 8 ಮಾತ್ರ, ಸಾಲದು.

ಪ್ಯಾರಿಟಿ ಬಿಟ್‌ಗಳನ್ನು 1, 2, 4, 8ನೇ ಜಾಗದಲ್ಲೇ ಯಾಕೆ ಇಡಬೇಕು?

ಇಡಲೇಬೇಕು ಅಂತೇನೂ ಇಲ್ಲ, ಇಟ್ಟರೆ ಕೆಲಸ ಸಲೀಸು. ಪ್ರತಿ ಜಾಗದ ಸಂಖ್ಯೆಯನ್ನು ಬೈನರಿಯಲ್ಲಿ ಬರೆದುಕೊಳ್ಳಿ. 5 ಅಂದರೆ 0101, ಅಂದರೆ 4 ಮತ್ತು 1. ಹಾಗಾಗಿ 5ನೇ ಜಾಗದ ಬಿಟ್ P4 ಮತ್ತು P1 ಎರಡರ ಕಾವಲಿನಲ್ಲೂ ಇರುತ್ತದೆ. 5ನೇ ಬಿಟ್ ತಿರುಗಿದರೆ ಆ ಎರಡು ಕಾವಲುಗಾರರು ಮಾತ್ರ ಕೂಗುತ್ತಾರೆ. ಕೂಗಿದವರ ಸಂಖ್ಯೆ ಕೂಡಿಸಿ: 4 + 1 = 5. ಕೆಟ್ಟ ಜಾಗದ ವಿಳಾಸ ಕೈಗೆ ಬಂತು. ಈ ವಿಳಾಸಕ್ಕೇ ಸಿಂಡ್ರೋಮ್ ಎಂದು ಹೆಸರು.

1, 2, 4, 8 ಇವುಗಳ ಬೈನರಿಯಲ್ಲಿ ಒಂದೇ ಒಂದು 1 ಇದೆ. ಅಲ್ಲಿ ಪ್ಯಾರಿಟಿ ಬಿಟ್ ಕೂರಿಸಿದರೆ ಒಬ್ಬ ಕಾವಲುಗಾರನ ಬಿಟ್ ಇನ್ನೊಬ್ಬನ ಗುಂಪಿಗೆ ಬರುವುದಿಲ್ಲ. ನಾಲ್ಕನ್ನೂ ಡೇಟಾದಿಂದಲೇ ಒಟ್ಟಿಗೆ ಲೆಕ್ಕ ಹಾಕಬಹುದು. ಉಳಿದ ಎಂಟು ಜಾಗ (3, 5, 6, 7, 9, 10, 11, 12) ಡೇಟಾಗೆ, d0ಯಿಂದ d7ರವರೆಗೆ ಅದೇ ಸಾಲಿನಲ್ಲಿ.

ಒಂದು ಉದಾಹರಣೆ ಪೂರ್ತಿ ಮಾಡಿ ತೋರಿಸ್ತೀರಾ?

"ಗಾಳಿ" ಎಂಬ ಪದ ತೆಗೆದುಕೊಳ್ಳೋಣ. ಯೂನಿಕೋಡ್‌ನಲ್ಲಿ ಕನ್ನಡದ ಕ ಅಕ್ಷರ 0C95, ಗ 0C97. ಯುಟಿಎಫ್-8ರಲ್ಲಿ ಬರೆದಾಗಲೂ ಗ ಅಕ್ಷರದ ಕೊನೆಯ ಬೈಟ್ 97, ಕ ಅಕ್ಷರದ್ದು 95. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್, d1. ಮೆಮೊರಿಯಲ್ಲಿ ಆ ಒಂದು ಬಿಟ್ ತಿರುಗಿದರೆ ಗಾಳಿ ಹೋಗಿ ಕಾಳಿ ಬರುತ್ತಾಳೆ.

0x97 ಅಂದರೆ 1001 0111. ಬಲಗಡೆಯಿಂದ d0 = 1, d1 = 1, d2 = 1, d3 = 0, d4 = 1, d5 = 0, d6 = 0, d7 = 1. ಈಗ ಪ್ಯಾರಿಟಿ:

```
P1 = d0^d1^d3^d4^d6 = 1^1^0^1^0 = 1
P2 = d0^d2^d3^d5^d6 = 1^1^0^0^0 = 0
P4 = d1^d2^d3^d7    = 1^1^0^1   = 1
P8 = d4^d5^d6^d7    = 1^0^0^1   = 0

ಜಾಗ : 1 2 3 4 5 6 7 8 9 10 11 12
ಬಿಟ್ : 1 0 1 1 1 1 0 0 1 0  0  1
```

ಮೆಮೊರಿಯೊಳಗೆ ಹೋಗುವುದು ಈ ಕೆಳಸಾಲು. ಈಗ 5ನೇ ಜಾಗ (d1) 1 ಇದ್ದದ್ದು 0 ಆಯಿತು ಎನ್ನಿ. ಓದುವಾಗ ಡಿಕೋಡರ್ ಮತ್ತೆ ಗುಂಪು ಗುಂಪಾಗಿ ಎಣಿಸುತ್ತದೆ, ಈ ಸಲ ಪ್ಯಾರಿಟಿ ಬಿಟ್ಟನ್ನೂ ಸೇರಿಸಿಕೊಂಡು. ಮೊದಲ ಗುಂಪು 1, 3, 5, 7, 9, 11: ಅಲ್ಲಿರುವುದು 1, 1, 0, 0, 1, 0. ಮೂರು ಒಂದುಗಳು, ಬೆಸ ಸಂಖ್ಯೆ, ಹಾಗಾಗಿ S1 = 1. ಎರಡನೇ ಗುಂಪಿಗೆ ಏನೂ ಆಗಿಲ್ಲ, S2 = 0. ನಾಲ್ಕರ ಗುಂಪು 4, 5, 6, 7, 12: ಅಲ್ಲಿ 1, 0, 1, 0, 1. ಮತ್ತೆ ಬೆಸ, S4 = 1. ಎಂಟರ ಗುಂಪು ಸರಿ ಇದೆ, S8 = 0. ಸಿಂಡ್ರೋಮ್ 0101, ಅಂದರೆ 5. ಐದನೇ ಜಾಗದ ಬಿಟ್ಟನ್ನು ತಿರುಗಿಸಿದರೆ ಗಾಳಿ ವಾಪಸ್.

ಇದನ್ನೆಲ್ಲ ಹಾರ್ಡ್‌ವೇರ್‌ನಲ್ಲಿ ಕಟ್ಟಲು ಯಾವ ಚಿಪ್ ಬೇಕು?

ಎನ್‌ಕೋಡರ್ ಅಂದರೆ ಬರೀ ಎಕ್ಸ್‌ಆರ್ ಗೇಟ್. ಕ್ಲಾಕ್ ಬೇಡ, ಏನನ್ನೂ ನೆನಪಿಟ್ಟುಕೊಳ್ಳುವುದೂ ಬೇಡ. ಎರಡು ಕಾಲಿನ ಎಕ್ಸ್‌ಆರ್‌ನಲ್ಲೇ ಕಟ್ಟಿದರೆ 4 + 4 + 3 + 3, ಒಟ್ಟು 14 ಗೇಟ್. 74HC86ರಲ್ಲಿ ನಾಲ್ಕು ಗೇಟ್ ಇರುತ್ತವೆ, ಅಲ್ಲಿಗೆ ನಾಲ್ಕು ಚಿಪ್.

ನನ್ನ ಸಲಹೆ 74HC280. ಒಂಬತ್ತು ಬಿಟ್ ತೆಗೆದುಕೊಂಡು ಸಮವೋ ಬೆಸವೋ ಹೇಳುವ ಚಿಪ್ ಅದು. ಒಂದು ಪ್ಯಾರಿಟಿಗೆ ಒಂದು ಚಿಪ್, ವೈರಿಂಗ್ ಕಣ್ಣಿಗೆ ಅರ್ಥವಾಗುವ ಹಾಗೆ ಇರುತ್ತದೆ. ಎಸ್.ಪಿ. ರೋಡ್‌ನಲ್ಲಿ 86 ಕೇಳಿದರೆ ಯಾವ ಅಂಗಡಿಯಲ್ಲಾದರೂ ಕೊಡುತ್ತಾರೆ, 280ಕ್ಕೆ ನಾಲ್ಕು ಮೆಟ್ಟಿಲು ಜಾಸ್ತಿ ಹತ್ತಬೇಕು. ಸಿಗದಿದ್ದರೆ 86ರಲ್ಲೇ ಮಾಡಿ, ತಪ್ಪೇನಿಲ್ಲ.

280ರಲ್ಲಿ ಎರಡು ಕಡೆ ಎಲ್ಲರೂ ಎಡವುತ್ತಾರೆ. ಅದಕ್ಕೆ ಎರಡು ಔಟ್‌ಪುಟ್ ಇದೆ, ಒಂದು ಈವನ್, ಒಂದು ಆಡ್. ನಮ್ಮ P1 "ಸಮ ಪ್ಯಾರಿಟಿ" ಆದ್ದರಿಂದ ಈವನ್ ಕಾಲಿಗೆ ವೈರ್ ಹಾಕಿಬಿಡುತ್ತಾರೆ. ತಪ್ಪು. ಒಂದುಗಳ ಎಣಿಕೆ ಸಮ ಇದ್ದಾಗ ಈವನ್ ಕಾಲು 1 ಆಗುತ್ತದೆ. ನಮಗೆ ಬೇಕಾದದ್ದು ಎಣಿಕೆ ಬೆಸ ಇದ್ದಾಗ 1. ಅದು ಆಡ್ ಕಾಲು. ಎರಡನೆಯದು, ಉಳಿದ ಇನ್‌ಪುಟ್ ಕಾಲುಗಳನ್ನು ಸುಮ್ನೆ ಬಿಡಬೇಡಿ, ಗ್ರೌಂಡ್‌ಗೆ ಕಟ್ಟಿ. ಬಿಟ್ಟರೆ ಬೆರಳು ಹತ್ತಿರ ತಂದಾಗ ಒಂದು ಉತ್ತರ, ತೆಗೆದಾಗ ಇನ್ನೊಂದು.

ಡಿಕೋಡರ್ ಕಟ್ಟಿದೆ, ಆದ್ರೆ ಎಂಟೂ ಎಲ್‌ಇಡಿ ಉಲ್ಟಾ ಬರ್ತಿವೆ. ಯಾಕೆ?

ಹೋದ ವರ್ಷ ನಮ್ಮ ಮನೆಯ ಊಟದ ಟೇಬಲ್ ಮೇಲೆ ಆದದ್ದು ಇದೇ. ರಾತ್ರಿ ಹತ್ತೂವರೆಗೆ ಹುಡುಗಿಯೊಬ್ಬಳು "ಅಂಕಲ್, ಎರಡು ದಿನದಿಂದ ಹೀಗೇ" ಎಂದು ಅಳುವುದೊಂದು ಬಾಕಿ. 97 ಹಾಕಿದರೆ 68 ಬರುತ್ತಿತ್ತು. 1001 0111ರ ಪಕ್ಕ 0110 1000 ಬರೆದು ನೋಡಿ, ಪ್ರತಿ ಬಿಟ್ಟೂ ತಿರುಗಿದೆ. ಅಂದರೆ ತರ್ಕ ಕೆಟ್ಟಿಲ್ಲ, ಎಲ್ಲೋ ಒಂದು ಕಡೆ ಹೌದು-ಅಲ್ಲ ಅದಲುಬದಲಾಗಿದೆ.

ಡಿಕೋಡರ್‌ಗೆ ಮೂರು ಹಂತ. ಮೊದಲು ನಾಲ್ಕು 280 ಸಿಂಡ್ರೋಮ್ ಕೊಡುತ್ತವೆ. ಆ ನಾಲ್ಕು ಬಿಟ್ 74HC154ಕ್ಕೆ ಹೋಗಿ, 16 ವೈರ್‌ಗಳಲ್ಲಿ ಕೆಟ್ಟ ಜಾಗದ ವೈರ್ ಒಂದನ್ನೇ ಆರಿಸುತ್ತವೆ. ಕೊನೆಗೆ ಎಂಟು ಎಕ್ಸ್‌ಆರ್ ಗೇಟ್: ಒಂದು ಕಾಲಿಗೆ ಓದಿದ ಡೇಟಾ ಬಿಟ್, ಇನ್ನೊಂದಕ್ಕೆ ಆ ಜಾಗದ ವೈರ್. ವೈರ್ 1 ಇದ್ದರೆ ಬಿಟ್ ತಿರುಗುತ್ತದೆ.

ಎಡವಟ್ಟು 154ರಲ್ಲಿದೆ. ಅದು ಆರಿಸಿದ ವೈರನ್ನು 0 ಮಾಡಿ, ಉಳಿದ ಹದಿನೈದನ್ನೂ 1ರಲ್ಲಿ ಇಡುತ್ತದೆ. ಹಾಗಾಗಿ ಒಳ್ಳೆಯ ಬಿಟ್‌ಗಳೆಲ್ಲ ತಿರುಗಿದವು, ಕೆಟ್ಟದ್ದೊಂದು ತಿರುಗದೆ ಉಳಿಯಿತು. ಒಟ್ಟು ಬೈಟೇ ಉಲ್ಟಾ. ಮದ್ದು ಒಂದೇ ಚಿಪ್, 74HC240. ಒಂದರಲ್ಲೇ ಎಂಟು ಇನ್ವರ್ಟರ್ ಇವೆ, ನಮಗೆ ಬೇಕಾದ ವೈರ್‌ಗಳೂ ಎಂಟೇ: 3, 5, 6, 7, 9, 10, 11, 12. ಅದರ ಎರಡು ಎನೇಬಲ್ ಕಾಲುಗಳನ್ನು ಗ್ರೌಂಡ್‌ಗೆ ಕಟ್ಟಲು ಮರೆಯಬೇಡಿ. 1, 2, 4, 8ರ ವೈರ್‌ಗಳನ್ನು ಹಾಗೇ ಬಿಡಬಹುದು. ಪ್ಯಾರಿಟಿ ಬಿಟ್ ಕೆಟ್ಟರೆ ಡೇಟಾಗೇನೂ ಆಗಿಲ್ಲವಲ್ಲ.

ಮೆಮೊರಿಯ ಒಂದು ವೈರ್ ಕಿತ್ತು ನೋಡಿದೆ. ತಪ್ಪು ತೋರಿಸಲೇ ಇಲ್ಲ. ಸರ್ಕ್ಯೂಟ್ ಕೆಟ್ಟಿದೆಯಾ?

ಕೆಟ್ಟಿರಬೇಕಾಗಿಲ್ಲ. ವೈರ್ ಕೀಳುವುದು ಬೇರೆ, ಬಿಟ್ ತಿರುಗಿಸುವುದು ಬೇರೆ. 74LS ಚಿಪ್‌ನಲ್ಲಿ ಕಿತ್ತ ಕಾಲು ಸಾಮಾನ್ಯವಾಗಿ 1 ಎಂದೇ ಓದಿಕೊಳ್ಳುತ್ತದೆ. ಅಲ್ಲಿ ಮೊದಲೇ 1 ಇದ್ದರೆ ಏನೂ ಬದಲಾಗಲಿಲ್ಲ, ಡಿಕೋಡರ್ ಸುಮ್ಮನಿರುವುದೇ ಸರಿ. 74HCಯಲ್ಲಿ ಕಿತ್ತ ಕಾಲು ಏನು ಓದುತ್ತದೋ ದೇವರೇ ಬಲ್ಲ.

ಸರಿಯಾದ ದಾರಿ ಎಂದರೆ ಮೆಮೊರಿ ಮತ್ತು ಡಿಕೋಡರ್ ನಡುವೆ ಪ್ರತಿ ವೈರ್‌ಗೂ ಒಂದು ಎಕ್ಸ್‌ಆರ್ ಗೇಟ್, ಅದರ ಇನ್ನೊಂದು ಕಾಲಿಗೆ ಡಿಪ್ ಸ್ವಿಚ್. ಸ್ವಿಚ್ ಒತ್ತಿದರೆ ಆ ಬಿಟ್ ಖಂಡಿತ ತಿರುಗುತ್ತದೆ, 0 ಇರಲಿ 1 ಇರಲಿ. ಪರೀಕ್ಷಕರ ಮುಂದೆ ತೋರಿಸುವಾಗಲೂ ಇದೇ ಚೆನ್ನಾಗಿ ಕಾಣುತ್ತದೆ.

ಎರಡು ಬಿಟ್ ತಿರುಗಿದರೆ ಏನಾಗುತ್ತೆ?

ಇಲ್ಲಿ ಹ್ಯಾಮಿಂಗ್ ಕೋಡ್ ಕೈಕೊಡುತ್ತದೆ. ಬರೀ ಕೈಕೊಟ್ಟರೆ ಪರವಾಗಿಲ್ಲ, ಇನ್ನಷ್ಟು ಕೆಡಿಸುತ್ತದೆ. ಅದೇ ಗ ಅಕ್ಷರದಲ್ಲಿ 5 ಮತ್ತು 6ನೇ ಜಾಗ ಎರಡೂ ತಿರುಗಿವೆ ಎನ್ನಿ. ಸಿಂಡ್ರೋಮ್ ಎಂದರೆ ಕೆಟ್ಟ ಜಾಗಗಳ ಎಕ್ಸ್‌ಆರ್. 0101 ಮತ್ತು 0110 ಸೇರಿ 0011, ಅಂದರೆ 3. ಡಿಕೋಡರ್ ಪಾಪ, ಯಾವ ತಪ್ಪೂ ಮಾಡದ 3ನೇ ಬಿಟ್ಟನ್ನು ತಿರುಗಿಸುತ್ತದೆ. ಈಗ ಮೂರು ಬಿಟ್ ತಪ್ಪು. 0x97 ಹೋಗಿ 0x90 ಆಯಿತು, ಗ ಇದ್ದ ಜಾಗದಲ್ಲಿ ಐ. ಜೊತೆಗೆ "ಸರಿಪಡಿಸಿದ್ದೇನೆ" ಎಂಬ ದೀಪವೂ ಹತ್ತುತ್ತದೆ!

ಇದಕ್ಕೇ 13ನೇ ಬಿಟ್. ಹನ್ನೆರಡು ಬಿಟ್‌ಗಳ ಒಟ್ಟು ಪ್ಯಾರಿಟಿ, P0 ಎನ್ನೋಣ. ಓದುವಾಗ ಹದಿಮೂರನ್ನೂ ಎಕ್ಸ್‌ಆರ್ ಮಾಡಿ T ಪಡೆಯಿರಿ. ಒಂದು ಬಿಟ್ ತಿರುಗಿದ್ದರೆ T = 1, ಎರಡು ತಿರುಗಿದ್ದರೆ T = 0. ಸಿಂಡ್ರೋಮ್ ಸೊನ್ನೆಯಲ್ಲ, ಆದರೆ T ಸೊನ್ನೆ ಎಂದಾದರೆ ಎರಡು ಬಿಟ್ ಕೆಟ್ಟಿವೆ. ಆಗ ಏನೂ ಮುಟ್ಟದೆ "ನನ್ನ ಕೈಯಲ್ಲಿ ಆಗಲ್ಲ" ಎನ್ನಬೇಕು. ಸಿಂಡ್ರೋಮ್ ಸೊನ್ನೆ, T ಮಾತ್ರ 1 ಎಂದರೆ ಕೆಟ್ಟದ್ದು P0 ಒಂದೇ, ಡೇಟಾ ಕ್ಷೇಮ.

ವೈರಿಂಗ್‌ನಲ್ಲಿ ಒಂದು ಚೆಂದದ ಉಳಿತಾಯ ಇದೆ. ಹದಿಮೂರು ಬಿಟ್‌ಗೆ ಎರಡು 280 ಬೇಕು. ಮೊದಲನೆಯದಕ್ಕೆ ಒಂಬತ್ತು ಬಿಟ್, ಅದರ ಆಡ್ ಕಾಲು ಮತ್ತು ಉಳಿದ ನಾಲ್ಕು ಬಿಟ್ ಎರಡನೆಯದಕ್ಕೆ. ಎರಡನೆಯದರ ಈವನ್ ಕಾಲನ್ನು ನೇರ 154ರ ಒಂದು ಎನೇಬಲ್‌ಗೆ ಕೊಡಿ, ಇನ್ನೊಂದು ಎನೇಬಲ್ ಗ್ರೌಂಡ್‌ಗೆ. ಎನೇಬಲ್ 0 ಇದ್ದಾಗ ಮಾತ್ರ 154 ಕೆಲಸ ಮಾಡುತ್ತದೆ. T = 1 ಇದ್ದಾಗ ಈವನ್ ಕಾಲು 0. ಅಂದರೆ ಒಂದು ತಪ್ಪಿದ್ದಾಗ ಮಾತ್ರ ತಿದ್ದುತ್ತದೆ, ಎರಡಿದ್ದಾಗ ತೆಪ್ಪಗಿರುತ್ತದೆ. ಇನ್ನೊಂದು ಗೇಟೂ ಬೇಡ.

ಮೂರು ಬಿಟ್ ತಿರುಗಿದರೆ? T ಮತ್ತೆ 1 ಆಗುತ್ತದೆ, ಬಹಳ ಸಲ ಡಿಕೋಡರ್ ಮೋಸ ಹೋಗುತ್ತದೆ. ಈ ಕೋಡ್‌ನ ಮಿತಿಯೇ ಅಷ್ಟು.

ಮೆಮೊರಿ ಚಿಪ್ಪನ್ನೇ ಕಿತ್ತಿಟ್ಟರೂ "ಎಲ್ಲ ಸರಿ" ಅಂತಿದೆಯಲ್ಲ?

ಈ ಪ್ರಶ್ನೆ ಕೇಳಿದವರಿಗೆ ನಾನು ಕಾಫಿ ಕೊಡಿಸುತ್ತೇನೆ. ಹದಿಮೂರೂ ಬಿಟ್ ಸೊನ್ನೆ ಬಂದರೆ ಸಿಂಡ್ರೋಮ್ ಸೊನ್ನೆ, T ಸೊನ್ನೆ. ಡಿಕೋಡರ್ ಕಣ್ಣಿಗೆ ಅದು ತಪ್ಪೇ ಇಲ್ಲದ 0x00. ಡೇಟಾ ಲೈನ್‌ಗಳಿಗೆ ಪುಲ್-ಡೌನ್ ಇದ್ದರೆ ಖಾಲಿ ಸಾಕೆಟ್ ಕೂಡ ಆರೋಗ್ಯವಾಗಿದೆ ಎನಿಸುತ್ತದೆ.

ಪುಲ್-ಅಪ್ ಇದ್ದರೆ ಇನ್ನೂ ತಮಾಷೆ. ಎಲ್ಲವೂ 1. ಒಂದರಿಂದ ಹನ್ನೆರಡರವರೆಗೆ ಎಲ್ಲ ಸಂಖ್ಯೆಗಳನ್ನು ಎಕ್ಸ್‌ಆರ್ ಮಾಡಿದರೆ 12 ಬರುತ್ತದೆ. ಹದಿಮೂರು ಒಂದುಗಳು ಬೆಸ, ಹಾಗಾಗಿ T = 1. "12ನೇ ಜಾಗದಲ್ಲಿ ಒಂದು ತಪ್ಪು, ತಿದ್ದಿದೆ" ಎಂದು 0x7F ಕೊಡುತ್ತದೆ. ಇಲ್ಲದ ಚಿಪ್‌ನಿಂದ!

ಪರಿಹಾರ: ಮೆಮೊರಿಗೆ ಬರೆಯುವ ಮುಂಚೆ P1 ಮತ್ತು P2 ಎರಡನ್ನು ಇನ್ವರ್ಟ್ ಮಾಡಿ, ಓದಿದ ಕೂಡಲೇ ವಾಪಸ್ ಇನ್ವರ್ಟ್ ಮಾಡಿ. ಈಗ ಎಲ್ಲ ಸೊನ್ನೆ ಬಂದರೆ ಸಿಂಡ್ರೋಮ್ 3, T ಸೊನ್ನೆ, ಎರಡು ತಪ್ಪಿನ ದೀಪ ಹತ್ತುತ್ತದೆ. ಎಲ್ಲ ಒಂದು ಬಂದರೆ ಸಿಂಡ್ರೋಮ್ 15, T = 1. ನಮ್ಮಲ್ಲಿ 15ನೇ ಜಾಗವೇ ಇಲ್ಲ. 13, 14, 15 ಬಂದಾಗಲೂ "ತಿದ್ದಲಾಗದು" ಎಂದು ತೋರಿಸುವಂತೆ ಕಟ್ಟಿದ್ದರೆ ಇದೂ ಸಿಕ್ಕಿಬೀಳುತ್ತದೆ. ಬಹಳ ಜನ ಆ ಮೂರು ವೈರ್‌ಗಳನ್ನು ಬಿಟ್ಟೇಬಿಡುತ್ತಾರೆ.

ಒಮ್ಮೆ ತಿದ್ದಿದ ಮೇಲೂ ಅದೇ ವಿಳಾಸ ಓದಿದಾಗ ಮತ್ತೆ ತಪ್ಪು ತೋರಿಸುತ್ತಿದೆ.

ಡಿಕೋಡರ್ ತಿದ್ದುವುದು ಹೊರಗೆ ಬರುವ ಡೇಟಾವನ್ನು. ಮೆಮೊರಿಯೊಳಗೆ ಕೆಟ್ಟ ಬಿಟ್ ಹಾಗೇ ಕೂತಿರುತ್ತದೆ. ಬಿಟ್ಟರೆ ಒಂದು ದಿನ ಅದೇ ಸಾಲಿನಲ್ಲಿ ಇನ್ನೊಂದು ಬಿಟ್ ತಿರುಗಿ, ತಿದ್ದಬಹುದಾಗಿದ್ದದ್ದು ತಿದ್ದಲಾಗದ್ದಾಗುತ್ತದೆ. ಹಾಗಾಗಿ ತಿದ್ದಿದ್ದನ್ನು ಮತ್ತೆ ಎನ್‌ಕೋಡ್ ಮಾಡಿ ಅದೇ ವಿಳಾಸಕ್ಕೆ ಬರೆಯಬೇಕು. ಬಿಡುವಿದ್ದಾಗ ಇಡೀ ಮೆಮೊರಿಯನ್ನು ಓದಿ ಹೀಗೆ ಬರೆಯುತ್ತಾ ಹೋಗುವುದಕ್ಕೆ ಸ್ಕ್ರಬ್ಬಿಂಗ್ ಎನ್ನುತ್ತಾರೆ. ಬರೆದ ಮರುಕ್ಷಣವೇ ಅದೇ ಬಿಟ್ ಮತ್ತೆ ತಪ್ಪು ಬಂದರೆ, ಅದು ತಾತ್ಕಾಲಿಕ ಅಲ್ಲ, ಆ ಕೋಶವೋ ವೈರೋ ಕೆಟ್ಟಿದೆ.

ಕರೆಂಟ್ ಕೊಟ್ಟ ಕೂಡಲೇ ಓದಿದರೂ ದೀಪಗಳೆಲ್ಲ ಹತ್ತುತ್ತವೆ. ಅದು ಬೇರೆ ಕಥೆ. ಎಸ್‌ರ್ಯಾಮ್‌ನಲ್ಲಿ ಆಗ ಇರುವುದು ಕಸ. ಕಸ ಪೂರ್ತಿ ಯದ್ವಾತದ್ವಾ ಎಂದುಕೊಂಡರೆ, 32 ಸಾಲಿಗೆ ಒಂದು ಮಾತ್ರ ಸರಿ ಎನಿಸುತ್ತದೆ, 13 "ತಿದ್ದಿದೆ" ಎನ್ನುತ್ತವೆ, ಉಳಿದ 18 ತಿದ್ದಲಾಗದವು. ಮೊದಲು ಎಲ್ಲ ವಿಳಾಸಗಳಿಗೂ ಎನ್‌ಕೋಡರ್ ಮೂಲಕ ಏನಾದರೂ ಬರೆದು, ಆಮೇಲೆ ಎಣಿಕೆ ಶುರು ಮಾಡಿ.

ಎಫ್‌ಪಿಜಿಎಯಲ್ಲಿ ಬರೆಯುವುದಾದರೆ?

ಡಿಕೋಡರ್ ಪೂರ್ತಿ ಇಷ್ಟೇ. P0ಯನ್ನು ಸೊನ್ನೆಯನೇ ಜಾಗದಲ್ಲಿ, ಅಂದರೆ `r[0]`ರಲ್ಲಿ ಇಟ್ಟಿದ್ದೇನೆ:

```verilog
// r[12:0], S[3:0]
assign S[0] = r[1]^r[3]^r[5]^r[7]^r[9]^r[11];
assign S[1] = r[2]^r[3]^r[6]^r[7]^r[10]^r[11];
assign S[2] = r[4]^r[5]^r[6]^r[7]^r[12];
assign S[3] = ^r[12:8];
assign T    = ^r;
assign fix  = T && (S <= 12);
assign c    = fix ? (r ^ (13'd1 << S)) : r;
assign bad  = (!T && S != 0) || (S > 12);
```

P0 ಒಂದೇ ಕೆಟ್ಟಾಗ S ಸೊನ್ನೆ, T ಒಂದು. ಆಗ ಸೊನ್ನೆಯನೇ ಜಾಗ ತಾನಾಗಿ ತಿರುಗುತ್ತದೆ, ಬೇರೆ ನಿಯಮ ಬರೆಯಬೇಕಿಲ್ಲ. P1, P2 ಇನ್ವರ್ಟ್ ಮಾಡುವ ಕೆಲಸವನ್ನು ಇದರ ಹೊರಗೆ, ಮೆಮೊರಿಯ ಬಾಗಿಲಲ್ಲಿ ಮಾಡಿ.

ಪರೀಕ್ಷೆಗೆ ನಾಲ್ಕೈದು ಬೈಟ್ ಹಾಕಿ "ಬಂತು" ಎನ್ನಬೇಡಿ. ಎನ್‌ಕೋಡರ್ ಮತ್ತು ಡಿಕೋಡರ್ ಎರಡರಲ್ಲೂ ಒಂದೇ ಬಿಟ್ ಬರೆಯಲು ಮರೆತಿದ್ದರೆ, ತಪ್ಪಿಲ್ಲದ ಡೇಟಾ ಸಲೀಸಾಗಿ ಹೋಗಿ ಬರುತ್ತದೆ. ಬಿಟ್ ತಿರುಗಿಸಿದಾಗ ಮಾತ್ರ ಬಣ್ಣ ಬಯಲು. ಎಲ್ಲ 256 ಬೈಟ್‌ಗೂ ತಪ್ಪಿಲ್ಲದ್ದು ಒಂದು, ಒಂದು ಬಿಟ್ ತಪ್ಪಿನವು 13, ಎರಡು ಬಿಟ್ ತಪ್ಪಿನವು 78. ಒಟ್ಟು 23,552 ಪರೀಕ್ಷೆ. ಸಿಮ್ಯುಲೇಟರ್‌ಗೆ ಇದು ಲೆಕ್ಕಕ್ಕೇ ಇಲ್ಲ. ಒಂದನ್ನೂ ಬಿಡಲು ಕಾರಣವಿಲ್ಲ.

ಎಂಟಕ್ಕೆ ಐದು ಬಿಟ್ ದುಬಾರಿ ಆಯ್ತಲ್ವಾ?

ಹೌದು. ಅದಕ್ಕೇ ನಿಜವಾದ ಮೆಮೊರಿಯಲ್ಲಿ 64 ಬಿಟ್‌ಗೆ 8 ಸೇರಿಸಿ 72 ಮಾಡುತ್ತಾರೆ. ಖರ್ಚು ಶೇಕಡ 62.5ರಿಂದ 12.5ಕ್ಕೆ ಇಳಿಯುತ್ತದೆ. ಆದರೆ ಒಂದೇ ಬೈಟ್ ಬದಲಿಸಬೇಕಾದರೂ 64 ಬಿಟ್ ಪೂರ್ತಿ ಓದಿ, ತಿದ್ದಿ, ಪ್ಯಾರಿಟಿ ಹೊಸದಾಗಿ ಲೆಕ್ಕ ಹಾಕಿ ಬರೆಯಬೇಕು. 72ರ ಒಳಗೆ ಎರಡು ಬಿಟ್ ತಿರುಗಿದರೂ ಸೋಲು. ಕಾಲೇಜು ಪ್ರಾಜೆಕ್ಟ್‌ಗೆ ಎಂಟೇ ಇರಲಿ.

ನಿಜವಾಗ್ಲೂ ಬಿಟ್ ತಾನಾಗೇ ತಿರುಗುತ್ತಾ? ನಾನಂತೂ ನೋಡಿಲ್ಲ.

ತಿರುಗುತ್ತದೆ. ಚಿಪ್‌ನ ಹೊದಿಕೆಯಲ್ಲಿರುವ ಅಲ್ಪಸ್ವಲ್ಪ ವಿಕಿರಣಶೀಲ ವಸ್ತುವಿನ ಆಲ್ಫಾ ಕಣ ಇದಕ್ಕೆ ಕಾರಣ ಎಂದು 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ಮೇ ಮತ್ತು ವುಡ್ಸ್ ತೋರಿಸಿಕೊಟ್ಟರು. ಆಕಾಶದಿಂದ ಬರುವ ನ್ಯೂಟ್ರಾನ್‌ಗಳೂ ಇದನ್ನೇ ಮಾಡುತ್ತವೆ. ಎತ್ತರಕ್ಕೆ ಹೋದಷ್ಟೂ ಅವು ಜಾಸ್ತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಆದರೆ ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಭೂಮಿಯ ಕಾಂತಕ್ಷೇತ್ರ ಒಂದಷ್ಟನ್ನು ತಡೆಯುತ್ತದೆ.

ಬ್ರೆಡ್‌ಬೋರ್ಡ್ ಮೇಲೆ ಇಟ್ಟ ಎರಡು ಸಣ್ಣ ಎಸ್‌ರ್ಯಾಮ್‌ಗಳಲ್ಲಿ ಇದನ್ನು ಕಾಯುತ್ತಾ ಕೂರಬೇಡಿ, ಸೆಮಿಸ್ಟರ್ ಮುಗಿದುಹೋಗುತ್ತದೆ. ಅಲ್ಲಿ ತಪ್ಪು ಎಣಿಕೆ ಏರುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಸಡಿಲವಾದ ಜಂಪರ್ ವೈರ್.